ಕನ್ನಡಕದ ಉತ್ಪನ್ನ ಚಿತ್ರ: ಅಂಗಡಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಖಡೇಬಜಾರ್, ಟಿಳಕವಾಡಿ ಕಡೆಯ ಕನ್ನಡಕದ ಅಂಗಡಿಯವರು ಫ್ರೇಮುಗಳನ್ನು ಕೈಯಲ್ಲೇ ಹಿಡಿದು ನಮ್ಮ ಸ್ಟುಡಿಯೊಗೆ ಬರುತ್ತಾರೆ. ಬಾಗಲಕೋಟೆ, ವಿಜಯಪುರದವರು ಪಾರ್ಸೆಲ್ ಮಾಡುತ್ತಾರೆ. ಊರು ಯಾವುದಾದರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಉತ್ತರಗಳಲ್ಲಿ ಉದಾಹರಣೆಗೆ ಒಂದೇ ಫ್ರೇಮನ್ನು ಇಟ್ಟುಕೊಂಡಿದ್ದೇನೆ: ಕಪ್ಪು ಅಸಿಟೇಟ್‌ನ ದಪ್ಪ ಫ್ರೇಮ್, ಕಡ್ಡಿಯ ಒಳಬದಿಯಲ್ಲಿ 52□18-140 ಎಂದು ಅಚ್ಚಾಗಿರುವಂಥದ್ದು. ಅಂದರೆ ಗಾಜಿನ ಅಗಲ 52 ಮಿ.ಮೀ., ಮೂಗಿನ ಮೇಲಿನ ಸೇತುವೆ 18, ಕಡ್ಡಿಯ ಉದ್ದ 140. ಗಾಜು ಎಂದಾಗಲೆಲ್ಲ ಪ್ಲಾಸ್ಟಿಕ್ ಗಾಜೂ ಸೇರಿದೆ ಎಂದು ತಿಳಿಯಿರಿ.

ಗಾಜಿನಲ್ಲಿ ಅಂಗಡಿಯ ಟ್ಯೂಬ್‌ಲೈಟ್, ನನ್ನ ಮೊಬೈಲ್, ನನ್ನ ಅಂಗಿಯ ಗೆರೆ ಎಲ್ಲವೂ ಕಾಣುತ್ತವೆ. ಎಷ್ಟು ತಿರುಗಿಸಿದರೂ ಹೋಗುವುದಿಲ್ಲ. ಏಕೆ?

ಕನ್ನಡಕದ ಗಾಜು ಚಪ್ಪಟೆಯಲ್ಲ, ಹೊರಕ್ಕೆ ಉಬ್ಬಿದೆ. ಚಪ್ಪಟೆ ಕನ್ನಡಿಯಾಗಿದ್ದರೆ ಸ್ವಲ್ಪ ತಿರುಗಿಸಿದೊಡನೆ ಟ್ಯೂಬ್‌ಲೈಟ್ ಆಚೆ ಸರಿಯುತ್ತಿತ್ತು. ಉಬ್ಬಿದ ಗಾಜಿನಲ್ಲಿ ಅದು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುತ್ತದೆಯೇ ಹೊರತು ಹೊರಗೆ ಹೋಗುವುದಿಲ್ಲ.

ಎಷ್ಟು ಉಬ್ಬು ಎಂಬುದಕ್ಕೆ ಅಂಗಡಿಯವರು ಬೇಸ್ ಕರ್ವ್ ಎನ್ನುತ್ತೀರಿ. 530ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಉಬ್ಬಿನ ತ್ರಿಜ್ಯ ಮಿಲಿಮೀಟರ್‌ನಲ್ಲಿ ಸಿಗುತ್ತದೆ. 6 ಬೇಸ್ ಗಾಜಿಗೆ ಅದು ಸುಮಾರು 88 ಮಿ.ಮೀ. ಅದರಲ್ಲಿ 52 ಮಿ.ಮೀ. ಅಗಲದ ಗಾಜು ಕತ್ತರಿಸಿದರೆ ನಡುವಿನಿಂದ ಅಂಚಿಗೆ ಹೋಗುವಷ್ಟರಲ್ಲಿ ಮೇಲ್ಮೈ 17 ಡಿಗ್ರಿಯಷ್ಟು ವಾಲಿರುತ್ತದೆ. ಮೇಲ್ಮೈ ಎಷ್ಟು ವಾಲುತ್ತದೋ ಅದರ ಎರಡರಷ್ಟು ಪ್ರತಿಫಲನ ವಾಲುತ್ತದೆ. ಹೀಗಾಗಿ ಎಡಕ್ಕೆ 34, ಬಲಕ್ಕೆ 34, ಒಟ್ಟು ಸುಮಾರು 68 ಡಿಗ್ರಿ ಅಗಲದ ಕೋಣೆ ಆ ಒಂದು ಗಾಜಿನೊಳಗೆ ಕೂತಿದೆ. 4 ಬೇಸ್ ಗಾಜಿನಲ್ಲಿ ಇದು 45ಕ್ಕೆ ಇಳಿಯುತ್ತದೆ.

ಆದ್ದರಿಂದ ಗಾಜನ್ನು ತಿರುಗಿಸುವ ಬದಲು ಗಾಜಿಗೆ ಕಾಣುವ ಕೋಣೆಯನ್ನು ಬದಲಿಸಬೇಕು. ನಮ್ಮ ಕೆಲಸದ ಮುಕ್ಕಾಲು ಪಾಲು ಇದೇ.

ಕೋಣೆಯನ್ನು ಬದಲಿಸುವುದು ಎಂದರೆ? ಸಾದಾ ಗಾಜಿನ ಫ್ರೇಮಿಗೆ ಏನು ಮಾಡುತ್ತೀರಿ?

ಹಿಂದೆ ಬಿಳುಪು, ಮುಂದೆ ಕಪ್ಪು. ಇದು ಮೊದಲ ಬಾರಿ ಕೇಳಿದವರಿಗೆ ತಿರುವುಮುರುವಾಗಿ ತೋರುತ್ತದೆ, ಏಕೆಂದರೆ ಬಹಳ ಜನ ಫ್ರೇಮಿನ ಸುತ್ತ ಬಿಳಿ ಡಬ್ಬಿ ಕಟ್ಟಿ, ಎಲ್ಲ ಕಡೆಯಿಂದ ಬೆಳಕು ತುಂಬಿ, ಆಮೇಲೆ ಗಾಜು ಮಂಕಾಯಿತು ಎನ್ನುತ್ತಾರೆ.

ಲೆಕ್ಕ ಸರಳ. ಲೇಪನವಿಲ್ಲದ ಸಾದಾ ಗಾಜಿನ ಒಂದೊಂದು ಮೇಲ್ಮೈಯೂ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 4ನ್ನು ಹಿಂದಕ್ಕೆ ಎಸೆಯುತ್ತದೆ. ಎರಡು ಮೇಲ್ಮೈ ಸೇರಿ ಶೇ. 8. ಅಂದರೆ ಹಿಂದಿನ ಬಿಳಿ ಹಿನ್ನೆಲೆಯಿಂದ ಗಾಜಿನ ಮೂಲಕ ಬರುವುದು ಶೇ. 92 ಮಾತ್ರ. ಕಂಪ್ಯೂಟರಿನಲ್ಲಿ ಕಪ್ಪಿಗೆ 0, ಪೂರ್ತಿ ಬಿಳುಪಿಗೆ 255 ಎಂಬ ಅಳತೆಯಿದೆ; ಅದು ಬೆಳಕಿನ ಪ್ರಮಾಣಕ್ಕೆ ನೇರವಾಗಿ ಹೊಂದುವುದಿಲ್ಲ, ಹಾಗಾಗಿ ಹಿನ್ನೆಲೆ 255 ಎಂದು ಓದಿದರೆ ಗಾಜಿನೊಳಗಿನ ಭಾಗ 245ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಆ ಹತ್ತು ಅಂಕಗಳ ತೆಳು ಬೂದು ಛಾಯೆಯೇ ನೋಡುವವನಿಗೆ ‘ಇಲ್ಲಿ ಗಾಜು ಇದೆ’ ಎಂದು ಹೇಳುವುದು. ಈಗ ಮುಂದಿನಿಂದಲೂ ಬಿಳಿ ಹಲಗೆ ಇಟ್ಟರೆ ಅದರ ಶೇ. 8 ಪ್ರತಿಫಲನ ಬಂದು ಕಳೆದುಹೋದದ್ದನ್ನು ಸರಿಯಾಗಿ ತುಂಬಿಬಿಡುತ್ತದೆ. ಗಾಜು ಮಾಯ. ಅಷ್ಟೇ ಅಲ್ಲ, ಗಾಜಿನ ಹಿಂದೆ ಕಾಣುವ ಕಪ್ಪು ಕಡ್ಡಿಯ ಮೇಲೂ ಅದೇ ಬಿಳುಪು ಹರಡಿ ಕಡ್ಡಿ ಬೂದಿ ಬಳಿದಂತೆ ಆಗುತ್ತದೆ. ಚಿತ್ರದಲ್ಲಿ ಗಾಜಿನ ಹೊರಗೆ ಕಡ್ಡಿ ಕಪ್ಪಾಗಿ, ಗಾಜಿನೊಳಗೆ ಬೂದಾಗಿ ಕಂಡರೆ ಮುಂದಿನ ಬೆಳಕು ಸೋರಿದೆ ಎಂದು ತಿಳಿಯಿರಿ. ಇದಕ್ಕಿಂತ ಖಚಿತವಾದ ಗುರುತು ಇಲ್ಲ.

ನಮ್ಮ ಉದಾಹರಣೆಯ ಫ್ರೇಮಿಗೆ ಹೀಗೆ ಮಾಡುತ್ತೇವೆ. ಹಿಂದೆ ಅರ್ಧ ಮೀಟರಿಗಿಂತ ಸ್ವಲ್ಪ ದೂರದಲ್ಲಿ ಬಿಳಿ ಅಕ್ರಿಲಿಕ್ ಹಾಳೆ, ಅದರ ಹಿಂದಿನಿಂದ ಬೆಳಕು. ಮುಂದೆ ಕ್ಯಾಮೆರಾ, ಕ್ಯಾಮೆರಾದ ಸುತ್ತ ಕಪ್ಪು ವೆಲ್ವೆಟ್ ಬಟ್ಟೆ. ಬಟ್ಟೆಯ ನಡುವೆ ಕ್ಯಾಮೆರಾದ ಕಣ್ಣು ಮಾತ್ರ ಹೊರಗೆ ಇಣುಕುತ್ತದೆ. ಬಟ್ಟೆ ಎಷ್ಟು ಅಗಲವಿರಬೇಕು ಎಂಬುದಕ್ಕೆ ಮೇಲಿನ ಕೋನವೇ ಉತ್ತರ: 30 ಸೆಂ.ಮೀ. ದೂರದಲ್ಲಿದ್ದರೆ 6 ಬೇಸ್‌ನ ಒಂದು ಗಾಜಿಗೇ 40 ಸೆಂ.ಮೀ. ಬೇಕು, ಎರಡೂ ಗಾಜಿಗೆ ಎರಡು ಅಡಿ ಎಂದಿಟ್ಟುಕೊಳ್ಳಿ. ದೂರ ಹೋದಷ್ಟೂ ಬಟ್ಟೆ ಅಗಲವಾಗಬೇಕು. ಬದಿಗಳಿಂದ ಒಂದೊಂದು ಸಣ್ಣ ಬೆಳಕು ಫ್ರೇಮಿಗೆ ಬೀಳುತ್ತದೆ. ಅದನ್ನು ಗಾಜಿಗೆ ಕಾಣದಷ್ಟು ಹಿಂದಕ್ಕೆ ಸರಿಸಿರುತ್ತೇವೆ.

ಇನ್ನೂ ಒಂದು ಸೋರಿಕೆ ಉಳಿಯುತ್ತದೆ, ಅದು ಮೇಜು. ಬಿಳಿ ಮೇಜಿನ ಮೇಲೆ ಇಟ್ಟ ಫ್ರೇಮಿನ ಮುಖ ಸ್ವಲ್ಪ ಕೆಳಕ್ಕೆ ಬಾಗಿದ್ದರೆ ಗಾಜಿನ ಕೆಳ ಅರ್ಧಕ್ಕೆ ಮೇಜೇ ಕಾಣುತ್ತದೆ, ಅಲ್ಲಿ ಹಾಲಿನಂಥ ಮಬ್ಬು ಕೂರುತ್ತದೆ. ಸೇತುವೆಯ ಕೆಳಗೆ ಕ್ಯಾಮೆರಾಕ್ಕೆ ಕಾಣದಂತೆ ಅಕ್ರಿಲಿಕ್ ತುಂಡೊಂದನ್ನು ಇಡಿ. ಕಡ್ಡಿ 140 ಮಿ.ಮೀ. ಇರುವಾಗ ಮುಖವನ್ನು 5 ಮಿ.ಮೀ. ಎತ್ತಿದರೆ ಅದು 2 ಡಿಗ್ರಿ ಮೇಲಕ್ಕೆ ತಿರುಗುತ್ತದೆ, ಪ್ರತಿಫಲನ 4 ಡಿಗ್ರಿ ಸರಿಯುತ್ತದೆ. ಅನೇಕ ಸಲ ಇಷ್ಟೇ ಸಾಕು. ಹೆಚ್ಚು ಎತ್ತಿದರೆ ಚಾವಣಿ ಕಾಣತೊಡಗುತ್ತದೆ.

ಇಷ್ಟೆಲ್ಲ ತಾಪತ್ರಯ ಏಕೆ, ಗಾಜನ್ನೇ ಕಳಚಿ ಚಿತ್ರ ತೆಗೆದರಾಗದೇ?

ದಪ್ಪ ಅಸಿಟೇಟ್ ಫ್ರೇಮಿನಲ್ಲಿ ಆಗುತ್ತದೆ. ಅಸಲಿಗೆ ಡೆಮೊ ಗಾಜಿನ ಮೇಲೆ ಕಂಪನಿಯ ಹೆಸರು ಅಚ್ಚಾಗಿದ್ದರೆ ಕಳಚುವುದೇ ವಾಸಿ. ಆದರೆ ಗಾಜಿಲ್ಲದ ಫ್ರೇಮ್ ಖಾಲಿ ಖಾಲಿ ಕಾಣುತ್ತದೆ, ಕೊಳ್ಳುವವನಿಗೆ ಅದು ಆಟಿಕೆಯಂತೆ ತೋರುತ್ತದೆ. ತೆಳು ತಂತಿಯ ಫ್ರೇಮಿನಲ್ಲಿ ಗಾಜು ತೆಗೆದೊಡನೆ ಸುತ್ತಿನ ಆಕಾರವೂ ಸಡಿಲವಾಗುತ್ತದೆ. ರಿಮ್ಲೆಸ್‌ನಲ್ಲಿ ಗಾಜೇ ಫ್ರೇಮ್, ಕಳಚುವ ಮಾತಿಲ್ಲ.

ಕಷ್ಟದ ಫ್ರೇಮಿಗೆ ಎರಡು ಚಿತ್ರ ತೆಗೆಯುತ್ತೇವೆ, ಗಾಜಿದ್ದು ಒಂದು, ಇಲ್ಲದೆ ಒಂದು. ಎರಡನೆಯದರಲ್ಲಿ ಕಡ್ಡಿಗಳೂ ಒಳ ಅಂಚೂ ಚೊಕ್ಕಟವಾಗಿರುತ್ತವೆ, ಮೊದಲನೆಯದರಿಂದ ಗಾಜಿನ ಛಾಯೆಯನ್ನಷ್ಟೇ ತಂದು ಮೇಲೆ ಕೂರಿಸುತ್ತೇವೆ. ನಡುವೆ ಫ್ರೇಮ್ ಒಂದು ಕೂದಲಿನಷ್ಟೂ ಕದಲಬಾರದು. ಹಾಗಾಗಿ ಕಡ್ಡಿಯ ತುದಿಗಳನ್ನು ಮೇಣದ ಚೂರಿನಿಂದ ಮೇಜಿಗೆ ಅಂಟಿಸಿಡುತ್ತೇವೆ. ತೆಗೆಯುವ, ಕೂರಿಸುವ ಕೆಲಸವನ್ನು ಅಂಗಡಿಯವರೇ ಮಾಡಿದರೆ ನನಗೆ ಸಮಾಧಾನ; ನಿಮ್ಮ ಕೈಗೆ ಆ ಅಭ್ಯಾಸವಿದೆ.

ತಂಪು ಕನ್ನಡಕಕ್ಕೂ ಇದೇ ವಿಧಾನವೇ?

ಅಲ್ಲ, ಅಲ್ಲಿ ಎಲ್ಲವೂ ಉಲ್ಟಾ. ಸಾದಾ ಗಾಜಿನ ಹಿಂದೆ ಬಿಳುಪು ಇರುವುದರಿಂದ ಶೇ. 8 ಪ್ರತಿಫಲನ ಅದರಲ್ಲಿ ಕರಗುತ್ತದೆ. ಕಡು ಬಣ್ಣದ ಗಾಜಿನ ಮೂಲಕ ಹಿನ್ನೆಲೆ ಅಷ್ಟಾಗಿ ಬರುವುದಿಲ್ಲ, ಆದ್ದರಿಂದ ಮುಂದಿನ ಸಣ್ಣ ಹೊಳಪೂ ಎದ್ದು ಕಾಣುತ್ತದೆ. ಪೂರ್ತಿ ಕಪ್ಪು ಬಟ್ಟೆ ಹಿಡಿದರೆ ಗಾಜು ಎರಡು ತೂತಿನಂತೆ ಕಾಣುತ್ತದೆ, ಉಬ್ಬಿದೆ ಎಂಬುದೇ ತಿಳಿಯುವುದಿಲ್ಲ. ಹೀಗಾಗಿ ಇಲ್ಲಿ ಹೊಳಪನ್ನು ನಾವಾಗಿಯೇ ಇಡಬೇಕು.

ಮೇಲಿನಿಂದ ಒಂದು ದೊಡ್ಡ ಟ್ರೇಸಿಂಗ್ ಕಾಗದ ಇಳಿಬಿಟ್ಟು, ಅದರ ಹಿಂದೆ ಒಂದೇ ದೀಪವನ್ನು ಕಾಗದದ ಮೇಲಂಚಿಗೆ ಹತ್ತಿರ ಇಡುತ್ತೇವೆ. ಕಾಗದದ ಮೇಲ್ಭಾಗ ಬೆಳಗಿ ಕೆಳಗೆ ಬರುಬರುತ್ತ ಮಂಕಾಗುತ್ತದೆ, ಗಾಜಿನಲ್ಲೂ ಅದೇ ಇಳಿತ ಮೂಡುತ್ತದೆ. ಕಾಗದದ ಕೆಳಗಿನ ಅಂಚು ಗಾಜಿನಲ್ಲಿ ಗೆರೆಯಾಗಿ ಕಾಣಬಾರದು. ಕಂಡರೆ ಕಾಗದ ಚಿಕ್ಕದಾಯಿತು ಅಥವಾ ದೀಪ ಕೆಳಗಿಳಿಯಿತು. ಎರಡೂ ಗಾಜಿನಲ್ಲಿ ಇಳಿತ ಒಂದೇ ದಿಕ್ಕಿಗೆ ಇರಲಿ. ಎಡಗಾಜಿನಲ್ಲಿ ಮೇಲೆ, ಬಲಗಾಜಿನಲ್ಲಿ ಪಕ್ಕದಲ್ಲಿ ಹೊಳಪು ಬಿದ್ದರೆ ಫ್ರೇಮೇ ತಿರುಚಿಕೊಂಡಿದೆ ಎನ್ನುವ ಭ್ರಮೆ ಹುಟ್ಟುತ್ತದೆ.

ಕ್ಯಾಮೆರಾಕ್ಕೆ ಪೋಲರೈಸರ್ ಫಿಲ್ಟರ್ ಹಾಕಿದರೆ ಪ್ರತಿಫಲನ ಹೋಗುತ್ತದಂತೆ?

ನೇರ ಮುಂಭಾಗದ ಚಿತ್ರದಲ್ಲಿ ಹೋಗುವುದಿಲ್ಲ. ಫಿಲ್ಟರ್ ಚೆನ್ನಾಗಿ ಕೆಲಸ ಮಾಡುವುದು ಗಾಜನ್ನು ಲಂಬದಿಂದ 56 ಡಿಗ್ರಿಯ ಆಸುಪಾಸಿನಲ್ಲಿ ಓರೆಯಾಗಿ ನೋಡಿದಾಗ. ನೇರವಾಗಿ ಎದುರು ನಿಂತರೆ ಅದು ಬೆಳಕನ್ನು ಕಡಿಮೆ ಮಾಡುತ್ತದೆ, ಪ್ರತಿಫಲನ ಇದ್ದಲ್ಲೇ ಇರುತ್ತದೆ. ಪೋಲರೈಸ್ಡ್ ತಂಪು ಕನ್ನಡಕದ ಮುಂದೆ ಫಿಲ್ಟರ್ ತಿರುಗಿಸಿದರೆ ಒಂದು ಸ್ಥಾನದಲ್ಲಿ ಗಾಜು ಕಡುಗಪ್ಪಾಗುತ್ತದೆ. ಅದು ನಿಜವಾದ ಬಣ್ಣವಲ್ಲ, ಆ ಚಿತ್ರ ನೋಡಿ ಕೊಂಡವನು ಮರಳಿಸುತ್ತಾನೆ.

ಗಾಜಿನಲ್ಲಿ ಹಸಿರು ಅಥವಾ ನೇರಳೆ ಮಿಂಚು ಬರುತ್ತದೆ. ತೆಗೆಯಬೇಕೇ?

ಅದು ಪ್ರತಿಫಲನ ತಡೆಯುವ ಲೇಪನದ ಉಳಿಕೆ ಬಣ್ಣ. ಲೇಪನ ಸಹಿತ ಮಾರುತ್ತಿದ್ದರೆ ಸ್ವಲ್ಪ ಉಳಿಸಿಕೊಳ್ಳಿ. ಬರಿ ಫ್ರೇಮ್ ಮಾರುವುದಾದರೆ ಗಾಜಿನ ಭಾಗವನ್ನಷ್ಟೇ ಆಯ್ದು ಬಣ್ಣ ಇಳಿಸಿ.

ಕೈಯಲ್ಲಿ ಹಿಡಿದರೆ ಫ್ರೇಮ್ ದಪ್ಪಗಿದೆ, ಚಿತ್ರದಲ್ಲಿ ತೆಳುವಾಗಿ, ಕಾಗದದಲ್ಲಿ ಕತ್ತರಿಸಿದಂತೆ ಕಾಣುತ್ತದೆ. ದಪ್ಪ ತೋರಿಸುವುದು ಹೇಗೆ?

ಇದಕ್ಕೆ ಎರಡು ಕಾರಣಗಳಿವೆ. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಮೊದಲನೆಯದು, ಹಿನ್ನೆಲೆಯ ಅತಿಬೆಳಕು. ಬಿಳುಪು ಇನ್ನೂ ಬಿಳುಪಾಗಲಿ ಎಂದು ಹಿಂದಿನ ದೀಪ ಏರಿಸುತ್ತ ಹೋದರೆ ಬೆಳಕು ಅಂಚುಗಳನ್ನು ಕಚ್ಚಿ ತಿನ್ನುತ್ತದೆ. ದಪ್ಪ ಅಸಿಟೇಟ್ ಸ್ವಲ್ಪ ತೆಳುವಾಗುತ್ತದೆ, ಒಂದು ಮಿಲಿಮೀಟರಿನ ಲೋಹದ ಸುತ್ತು ಅಲ್ಲಲ್ಲಿ ತುಂಡಾಗಿಯೇ ಹೋಗುತ್ತದೆ. ಮೇಲೆ ಹೇಳಿದ 245ರ ಛಾಯೆಯೂ ಈ ಪ್ರವಾಹದಲ್ಲಿ ಕೊಚ್ಚಿಹೋಗುತ್ತದೆ. ಹಿನ್ನೆಲೆ 255ನ್ನು ಮುಟ್ಟಿ ನಿಲ್ಲಬೇಕು, ದಾಟಿ ಹೋಗಬಾರದು. ಪರೀಕ್ಷೆ ಸುಲಭ: ಫ್ರೇಮಿನ ಅಂಚನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿ. ಅಂಚಿನ ಕಪ್ಪು ಹೊರಗೆ ಹೋಗುತ್ತ ಬೂದಾಗಿ ಸೋರುತ್ತಿದ್ದರೆ ದೀಪ ಇಳಿಸಿ, ಇಲ್ಲವೇ ಹಿನ್ನೆಲೆಯನ್ನು ಇನ್ನಷ್ಟು ದೂರ ಸರಿಸಿ.

ಎರಡನೆಯದು ಹೆಚ್ಚು ಸೂಕ್ಷ್ಮ. ಕಪ್ಪು ಫ್ರೇಮಿನ ಮುಂದಿನ ಮುಖವೂ ಕಪ್ಪು, ಪಕ್ಕದ ದಪ್ಪವೂ ಕಪ್ಪು. ಮುಕ್ಕಾಲು ಕೋನದಲ್ಲಿ ತಿರುಗಿಸಿಟ್ಟರೂ ಎರಡೂ ಸೇರಿ ಒಂದೇ ಮುದ್ದೆಯಾಗುತ್ತವೆ. ಮುಖ ಮುಗಿದು ಪಕ್ಕ ಶುರುವಾಗುವ ಮೂಲೆಯಲ್ಲಿ ಒಂದು ಬೆಳಕಿನ ಗೆರೆ ಬೇಕು. ನಮ್ಮ ಫ್ರೇಮನ್ನು 30 ಡಿಗ್ರಿ ತಿರುಗಿಸಿದ್ದೇವೆ ಎನ್ನಿ. ಮುಂದಿನ ಮುಖಕ್ಕೆ ಈಗ ಕ್ಯಾಮೆರಾದಿಂದ 60 ಡಿಗ್ರಿ ಪಕ್ಕದಲ್ಲಿರುವುದು ಕಾಣುತ್ತದೆ. ಅಲ್ಲಿ ಕಪ್ಪು ಬಟ್ಟೆಯೇ ಇರಲಿ. ಪಕ್ಕದ ದಪ್ಪಕ್ಕೆ ಕಾಣುವುದು ಎದುರು ಬದಿಯ ಹಿಂಭಾಗ. ಆ ಕಡೆ, ಚಿತ್ರದ ಚೌಕಟ್ಟಿನ ಸ್ವಲ್ಪ ಹೊರಗೆ, ಅಂಗೈ ಅಗಲದ ಉದ್ದನೆಯ ಬಿಳಿ ಪಟ್ಟಿಯೊಂದನ್ನು ನಿಲ್ಲಿಸಿ ಅದಕ್ಕೆ ಬೆಳಕು ಬಿಡುತ್ತೇವೆ. ಪಟ್ಟಿಯನ್ನು ಹಿಂದೆ ಮುಂದೆ ಸರಿಸುತ್ತ ಕ್ಯಾಮೆರಾದ ಪರದೆಯಲ್ಲಿ ನೋಡುತ್ತಿದ್ದರೆ ಒಂದು ಕಡೆ ಹೊಳಪಿನ ಗೆರೆ ಕಡ್ಡಿಯ ತಿರುಗಣಿಯಿಂದ ಹೊರಟು ಸುತ್ತಿನ ಅಂಚಿನುದ್ದಕ್ಕೂ ಹರಿಯುತ್ತದೆ. ಅಲ್ಲಿ ನಿಲ್ಲಿಸಿ. ಗೆರೆ ದಪ್ಪದ ಕಾಲು ಭಾಗದಷ್ಟಿದ್ದರೆ ಸಾಕು. ಪೂರ್ತಿ ಪಕ್ಕ ಬೆಳಗಿದರೆ ಕಪ್ಪು ಫ್ರೇಮ್ ಬೂದು ಫ್ರೇಮಾಗುತ್ತದೆ, ಅಂಗಡಿಗೆ ಬಂದವನು ‘ಇದಲ್ಲ, ಚಿತ್ರದಲ್ಲಿದ್ದ ಬಣ್ಣ ಕೊಡಿ’ ಎನ್ನುತ್ತಾನೆ.

ಗೆರೆ ನಡುವೆ ತುಂಡಾದರೆ ಬೆಳಕನ್ನು ಬಯ್ಯುವ ಮೊದಲು ಫ್ರೇಮನ್ನು ಮುಟ್ಟಿ ನೋಡಿ. ಅಂಚಿನ ಪಾಲಿಷ್ ಆ ಜಾಗದಲ್ಲಿ ಸವೆದಿರುತ್ತದೆ, ಇಲ್ಲವೇ ಬೆರಳಿನ ಜಿಡ್ಡು ಇರುತ್ತದೆ.

ಪಾರದರ್ಶಕ ಫ್ರೇಮ್ ಬಿಳಿ ಹಿನ್ನೆಲೆಯಲ್ಲಿ ಕಾಣುವುದೇ ಇಲ್ಲವಲ್ಲ?

ಅದಕ್ಕೆ ಬಿಳಿ ಪಟ್ಟಿಯ ಬದಲು ಕಪ್ಪು ಪಟ್ಟಿ. ಹಿಂದಿನಿಂದ ಬೆಳಗಿದ ಹಿನ್ನೆಲೆ ಹಾಗೆಯೇ ಇರಲಿ, ಫ್ರೇಮಿನ ಎಡಬಲಕ್ಕೂ ಮೇಲಕ್ಕೂ ಚಿತ್ರದಿಂದ ಕೂದಲೆಳೆಯಷ್ಟು ಹೊರಗೆ ಕಪ್ಪು ರಟ್ಟು ನಿಲ್ಲಿಸಿ. ಪಾರದರ್ಶಕ ವಸ್ತುವಿನ ಅಂಚು ಬೆಳಕನ್ನು ಬಾಗಿಸುವುದರಿಂದ ಅಂಚಿನಲ್ಲಿ ಹಿಂದಿನ ಬಿಳುಪಲ್ಲ, ಪಕ್ಕದ ಕಪ್ಪು ಕಾಣುತ್ತದೆ. ಪೆನ್ಸಿಲಿನಲ್ಲಿ ಬರೆದಂಥ ಅಂಚು ತಾನಾಗಿ ಮೂಡುತ್ತದೆ. ದಪ್ಪವೂ ಅದರಲ್ಲೇ ತಿಳಿಯುತ್ತದೆ.

ನನ್ನ ಮೊಬೈಲ್ ಕ್ಯಾಮೆರಾ ಚೆನ್ನಾಗಿದೆ. ಆದರೂ ಕಡ್ಡಿಗಳು ಹಿಂದಕ್ಕೆ ಹೋಗುತ್ತ ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ.

ಮೊಬೈಲಿನದು ತಪ್ಪಲ್ಲ, ನೀವು ಬಹಳ ಹತ್ತಿರ ಹೋಗಿದ್ದೀರಿ. 20 ಸೆಂ.ಮೀ. ದೂರದಿಂದ ತೆಗೆದರೆ ಮುಂಭಾಗ 20 ಸೆಂ.ಮೀ.ನಲ್ಲಿ, ಕಡ್ಡಿಯ ತುದಿ 34ರಲ್ಲಿ ಇರುತ್ತದೆ. ಒಂದೇ ಅಳತೆಯ ವಸ್ತು ತುದಿಯಲ್ಲಿರುವುದಕ್ಕಿಂತ ಮುಂದೆ ಇದ್ದಾಗ 1.7 ಪಟ್ಟು ದೊಡ್ಡದಾಗಿ ಕಾಣುತ್ತದೆ. ಒಂದು ಮೀಟರ್ ಹಿಂದೆ ನಿಂತರೆ ಅದು 1.14ಕ್ಕೆ ಇಳಿಯುತ್ತದೆ. ಹಿಂದೆ ಸರಿದು 2x ಅಥವಾ 3x ಒತ್ತಿ. ಮುಂಭಾಗದ ಸೇತುವೆ ಊದಿದಂತೆ ಕಾಣುವುದೂ ಅದರಿಂದಲೇ ನಿಲ್ಲುತ್ತದೆ.

ದೊಡ್ಡ ಕ್ಯಾಮೆರಾ ಇದ್ದವರು f/11 ಇಟ್ಟು ಹತ್ತಿರದ ಸುತ್ತಿಗೆ ಫೋಕಸ್ ಮಾಡಿ. ತಿರುಗಣಿಯವರೆಗೆ ಚೂಪಾಗಿರಲೇಬೇಕು, ಕಿವಿಯ ತುದಿ ಸ್ವಲ್ಪ ಮೃದುವಾದರೆ ನಡೆಯುತ್ತದೆ. f/22ಕ್ಕೆ ಹೋಗಿ ಎಲ್ಲವನ್ನೂ ಮಂಕು ಮಾಡುವುದಕ್ಕಿಂತ ಫೋಕಸ್ ಬದಲಿಸಿ ಎರಡು ಮೂರು ಚಿತ್ರ ತೆಗೆದು ಸೇರಿಸುವುದು ಮೇಲು.

ಒಂದು ಕಡ್ಡಿ ಮೇಲೆ, ಒಂದು ಕೆಳಗೆ ಕಾಣುತ್ತದೆ. ಕಂಪ್ಯೂಟರಿನಲ್ಲಿ ಸರಿಮಾಡಿಕೊಡುತ್ತೀರಾ?

ಮಾಡಬಹುದು, ಆದರೆ ಮಾಡುವುದಿಲ್ಲ. ಫ್ರೇಮನ್ನೇ ಸರಿಮಾಡುವುದು ಸುಲಭ. ಕಡ್ಡಿ ಬಿಡಿಸಿ ಫ್ರೇಮನ್ನು ಸಪಾಟಾದ ಗಾಜಿನ ಮೇಲೆ ತಲೆಕೆಳಗಾಗಿ ಇಡಿ. ಎರಡೂ ಸುತ್ತಿನ ಮೇಲಂಚು, ಎರಡೂ ಕಡ್ಡಿ, ಹೀಗೆ ನಾಲ್ಕು ಕಡೆ ಅದು ಮುಟ್ಟಬೇಕು. ಒಂದು ಕಡ್ಡಿ ಎದ್ದಿದ್ದರೆ ಬೆರಳಿನಿಂದ ಒತ್ತಿದಾಗ ಟಕ್ ಟಕ್ ಎಂದು ಕುಣಿಯುತ್ತದೆ. ಅಸಿಟೇಟ್ ಆದರೆ ನಿಮ್ಮ ಅಂಗಡಿಯ ಬಿಸಿಗಾಳಿ ಯಂತ್ರದಲ್ಲಿ ಮೆತ್ತಗೆ ಮಾಡಿ ತಿದ್ದಿ, ತಣ್ಣಗೆ ಬಗ್ಗಿಸಿದರೆ ಮುರಿಯುತ್ತದೆ. ತಿರುಗಣಿಯ ತಿರುಪು ಸಡಿಲವಿದ್ದರೆ ಮೊದಲು ಅದನ್ನು ಬಿಗಿಮಾಡಿ, ಎಷ್ಟೋ ಸಲ ರೋಗ ಅಲ್ಲೇ ಇರುತ್ತದೆ.

ಕಡ್ಡಿಗಳ ಮೇಲೆ ಬರಿಗಣ್ಣಿಗೆ ಕಾಣದ ಧೂಳು ಚಿತ್ರದಲ್ಲಿ ಕಾಣುತ್ತದೆ. ಹೇಗೆ ಒರೆಸಬೇಕು?

ಒಣಬಟ್ಟೆಯಿಂದ ಉಜ್ಜಬೇಡಿ. ವಿಜಯಪುರದ ಬೇಸಿಗೆಯಂಥ ಒಣಹವೆಯಲ್ಲಿ ಪ್ಲಾಸ್ಟಿಕನ್ನು ಉಜ್ಜಿದೊಡನೆ ಅದು ವಿದ್ಯುದಾವೇಶ ಪಡೆದು ಸುತ್ತಲಿನ ಧೂಳನ್ನೆಲ್ಲ ಕರೆದುಕೊಳ್ಳುತ್ತದೆ. ಮೈಕ್ರೋಫೈಬರ್ ಬಟ್ಟೆಗೆ ಸೋಪಿನ ನೀರಿನ ಒಂದೆರಡು ಹನಿ ಹಾಕಿ, ತಿರುಗಣಿಯಿಂದ ತುದಿಯ ಕಡೆಗೆ ಒಂದೇ ದಿಕ್ಕಿನಲ್ಲಿ ಒರೆಸಿ, ಉಳಿದದ್ದನ್ನು ಗಾಳಿಯ ಬಲ್ಬಿನಿಂದ ಊದಿ. ಆಮೇಲೆ ಹತ್ತಿಯ ಕೈಗವಸಿಲ್ಲದೆ ಮುಟ್ಟಬೇಡಿ. ಬೆಲೆಯ ಚೀಟಿಯ ಅಂಟು ಉಳಿದಿದ್ದರೆ ಥಿನ್ನರ್, ನೇಲ್ ಪಾಲಿಷ್ ತೆಗೆಯುವ ದ್ರವ ಹಚ್ಚಲೇಬೇಡಿ. ಅಸಿಟೋನ್ ಅಸಿಟೇಟನ್ನು ಕರಗಿಸುತ್ತದೆ, ಅಲ್ಲಿ ಮಂಕು ಕಲೆ ಶಾಶ್ವತ.

ಗಾಜಿನ ಹಿಂದೆ ಕಾಣುವ ಕಡ್ಡಿಗಳನ್ನು ಅಳಿಸಿಬಿಡಿ ಎಂದರೆ?

ನೇರ ಮುಂಭಾಗದ ಚಿತ್ರದಲ್ಲಿ ಬೇಕಿದ್ದರೆ ತಿಳಿಯಾಗಿಸುತ್ತೇನೆ. ಮುಕ್ಕಾಲು ಕೋನದಲ್ಲಿ ಅಳಿಸಿದರೆ ತಿರುಗಣಿಯಿಂದ ಕಡ್ಡಿ ಎತ್ತ ಹೋಯಿತು ಎಂದು ಕಣ್ಣು ಹುಡುಕುತ್ತದೆ, ಚಿತ್ರ ಸುಳ್ಳೆಂದು ಗೊತ್ತಾಗುತ್ತದೆ. ಒಳಬದಿಯ 52□18-140 ಓದಲು ಬರುವಂತೆ ಇನ್ನೊಂದು ಚಿತ್ರ ಹಾಕಿ, ಹಳೆಯ ಕನ್ನಡಕದ ಅಳತೆ ಗೊತ್ತಿರುವ ಗಿರಾಕಿ ಅದನ್ನೇ ಮೊದಲು ನೋಡುತ್ತಾನೆ.

ಕಿಟಕಿಯ ಬೆಳಕಿನಲ್ಲೇ ತೆಗೆಯಬಹುದೇ?

ಒಂದೆರಡು ಫ್ರೇಮಿಗೆ ಸರಿ. ಬೆಳಗಾವಿಯ ಮಳೆಗಾಲದಲ್ಲಿ ಮೋಡ ನಿಮಿಷಕ್ಕೊಮ್ಮೆ ಬದಲಾಗುತ್ತದೆ, ಮೊದಲ ಫ್ರೇಮಿನ ಬಿಳುಪಿಗೂ ಹತ್ತನೆಯದರ ಬಿಳುಪಿಗೂ ಸಂಬಂಧವಿರುವುದಿಲ್ಲ. ಪರದೆ ಎಳೆದು ದೀಪ ಹಾಕಿ. ಎಲ್‌ಇಡಿ ದೀಪದಲ್ಲಿ ಚಿತ್ರದ ಮೇಲೆ ಅಡ್ಡ ಪಟ್ಟೆಗಳು ಬಂದರೆ ನಮ್ಮ 50 ಹರ್ಟ್ಸ್ ವಿದ್ಯುತ್ತಿಗೆ ಹೊಂದುವಂತೆ ಶಟರ್ ವೇಗವನ್ನು 1/50 ಅಥವಾ 1/100 ಮಾಡಿ.

ಆನ್‌ಲೈನ್ ಮಾರುಕಟ್ಟೆಗೆ ಯಾವ ಅಳತೆಯಲ್ಲಿ ಕೊಡುತ್ತೀರಿ?

ಅಮೆಜಾನ್‌ನ ಮುಖ್ಯ ಚಿತ್ರಕ್ಕೆ ಹಿನ್ನೆಲೆ ಶುದ್ಧ ಬಿಳಿ, ಅಂದರೆ RGB 255, 255, 255 ಇರಬೇಕು. ವಸ್ತು ಚೌಕಟ್ಟಿನ ಶೇ. 85ನ್ನು ತುಂಬಬೇಕು. ಗಿರಾಕಿ ದೊಡ್ಡದು ಮಾಡಿ ನೋಡಬೇಕಾದರೆ ಉದ್ದನೆಯ ಬದಿ ಕನಿಷ್ಠ 1000 ಪಿಕ್ಸೆಲ್ ಬೇಕು. ನಾವು ಅದಕ್ಕಿಂತ ದೊಡ್ಡದನ್ನೇ ಕೊಡುತ್ತೇವೆ. ಹಿನ್ನೆಲೆ ಕತ್ತರಿಸುವವರು ಗಾಜಿನ ಒಳಭಾಗವನ್ನೂ ಸೇರಿಸಿ 255 ಮಾಡಿಬಿಟ್ಟರೆ ಇಷ್ಟು ಹೊತ್ತು ಕಾಪಾಡಿದ ಗಾಜು ಹೋಯಿತು. ಆ ಭಾಗವನ್ನು ಬೇರೆ ಪದರದಲ್ಲಿಟ್ಟು Multiply ಮಾಡಲು ಹೇಳಿ.

ಬಾಗಲಕೋಟೆಯಿಂದ ಫ್ರೇಮ್ ಕಳಿಸುವಾಗ ಏನು ಗಮನಿಸಬೇಕು?

ಪ್ರತಿ ಫ್ರೇಮನ್ನೂ ಬೇರೆ ಬೇರೆ ಚೀಲದಲ್ಲಿ ಹಾಕಿ, ಕಡ್ಡಿ ಮಡಚಿ, ಗಾಜಿಗೂ ಕಡ್ಡಿಗೂ ನಡುವೆ ಒಂದು ಮೆತ್ತನೆಯ ಕಾಗದ ಇಡಿ. ಇಲ್ಲವಾದರೆ ದಾರಿಯುದ್ದಕ್ಕೂ ಕಡ್ಡಿಯ ತುದಿ ಗಾಜಿನ ಒಳಮೈ ಗೀಚುತ್ತದೆ. ರಬ್ಬರ್ ಬ್ಯಾಂಡ್ ಹಾಕಬೇಡಿ, ಕಡ್ಡಿ ಬಾಗುತ್ತದೆ. ಬೆಲೆಚೀಟಿ ತೆಗೆದು, ಮಾದರಿಯ ಸಂಖ್ಯೆಯನ್ನು ಚೀಲದ ಮೇಲೆ ಬರೆಯಿರಿ. ಎರಡು ತಿರುಪು ಹೆಚ್ಚಿಗೆ ಹಾಕಿಕೊಡಿ.